ಸಾವಿರ ವ್ಯಾಟ್ ತಂದೆವು, ಬೇಕಿದ್ದದ್ದು ಐವತ್ತು: ಸಮುದಾಯ ಭವನದ ಸೌಂಡ್ ಸಿಸ್ಟಂ, ಮೂರು ವರ್ಷದ ಬಳಕೆ

ತಿಪಟೂರು ಕಡೆಯ ನಮ್ಮೂರಿನ ಸಮುದಾಯ ಭವನಕ್ಕೆ ಮೂರು ವರ್ಷದ ಹಿಂದೆ ಈ ಸೆಟ್ ತಂದೆವು. ಒಂದು ಆಂಪ್ಲಿಫೈಯರ್, 15 ಇಂಚಿನ ಎರಡು ಬಾಕ್ಸ್, ಸಣ್ಣದೊಂದು ಮಿಕ್ಸರ್, ಮೂರು ಮೈಕು. ಹಾಲ್ ಉದ್ದ 60 ಅಡಿ, ಕುರ್ಚಿ 250. ಕಂಪನಿ ಹೆಸರು ಬೇಡ, ಯಾಕೆಂದರೆ ನಾನು ಹೇಳಬೇಕಾದ್ದರಲ್ಲಿ ಅರ್ಧ ನಮ್ಮದೇ ಪೆದ್ದುತನ.

ಅಂಗಡಿಯಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ವ್ಯಾಟ್?’ ‘ಸಾವಿರ ಸಾರ್, ಆಂಪ್ಲಿಫೈಯರೂ ಸಾವಿರ, ಬಾಕ್ಸೂ ಸಾವಿರ, ಹಾಲ್ ಅದುರತ್ತೆ’ ಅಂದ. ಮನೆಗೆ ತಂದಮೇಲೆ ಬಾಕ್ಸಿನ ಹಿಂದಿನ ಚೀಟಿ ಓದಿದೆ. 1000 ಅನ್ನುವುದು ಪೀಕ್, ಅಂದರೆ ಕಣ್ಣುಮಿಟುಕಿಸುವಷ್ಟು ಹೊತ್ತು ಮಾತ್ರ ತಡೆಯುವ ಲೆಕ್ಕ. ಅದರ ಕೆಳಗೆ ಸಣ್ಣಕ್ಷರದಲ್ಲಿ ಪ್ರೋಗ್ರಾಂ 500, ಅದಕ್ಕೂ ಕೆಳಗೆ ಆರ್‌ಎಂಎಸ್ 250. ನಿಜವಾಗಿ ಗಂಟೆಗಟ್ಟಲೆ ಹೊರುವುದು ಆ ಕೊನೆಯದು. ಆಂಪ್ಲಿಫೈಯರಿನ ಸಾವಿರವೂ ಹಾಗೆಯೇ: ಎರಡು ಚಾನೆಲ್ ಕೂಡಿಸಿ, 4 ಓಮ್ ಸ್ಪೀಕರ್ ಹಾಕಿದಾಗಿನ ಸಂಖ್ಯೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದು ಹೆಚ್ಚಿದಷ್ಟೂ ಆಂಪ್ಲಿಫೈಯರಿನಿಂದ ಸಿಗುವ ವ್ಯಾಟ್ ಕಮ್ಮಿ. ನಮ್ಮ ಬಾಕ್ಸ್ 8 ಓಮಿನವು, ಹಾಗಾಗಿ ಒಂದೊಂದಕ್ಕೆ ಸಿಗುವುದು 300. ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಾವು ಕೇಳದೆ ಬಿಟ್ಟ ಸಂಖ್ಯೆಯೊಂದು ಅದೇ ಚೀಟಿಯಲ್ಲಿತ್ತು. ಸೆನ್ಸಿಟಿವಿಟಿ 97 ಡಿಬಿ, ಅಂದರೆ ಡೆಸಿಬೆಲ್. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಎಷ್ಟು ಸದ್ದು ಕೇಳುತ್ತದೆ ಅನ್ನುವ ಅಳತೆ ಅದು. ಇದರಿಂದ ಹೊರಟರೆ ಲೆಕ್ಕ ಸುಲಭ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡಿಬಿ ಇಳಿಯುತ್ತದೆ. ನಮ್ಮ ಕೊನೆಯ ಸಾಲು ಬಾಕ್ಸಿನಿಂದ 16 ಮೀಟರ್. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಅಂದರೆ ನಾಲ್ಕು ಮೆಟ್ಟಿಲು, 24 ಡಿಬಿ ನಷ್ಟ. ಅಲ್ಲಿ ಭಾಷಣ 80 ಡಿಬಿಗೆ ಕೇಳಬೇಕಾದರೆ ಬಾಕ್ಸಿನ ಹತ್ತಿರ 104 ಇರಬೇಕು. 97ಕ್ಕಿಂತ 7 ಹೆಚ್ಚು. 3 ಡಿಬಿ ಏರಲು ವ್ಯಾಟ್ ಎರಡರಷ್ಟಾಗಬೇಕು ಅನ್ನುವ ಲೆಕ್ಕದಲ್ಲಿ ಅದಕ್ಕೆ ಬೇಕಾದದ್ದು ಬರೀ 5 ವ್ಯಾಟ್! ಭಾಷಣಕಾರರು ಮೇಜು ಗುದ್ದಿ ಕೂಗಿದಾಗ ಒಡೆಯದಿರಲಿ ಎಂದು ಹತ್ತರಷ್ಟು ಇಟ್ಟುಕೊಂಡರೂ 50 ವ್ಯಾಟ್. ಹಾಲಿನಲ್ಲಿ ಗೋಡೆಗಳೂ ಸದ್ದನ್ನು ವಾಪಸ್ ಕೊಡುವುದರಿಂದ ಅಷ್ಟೂ ಬೇಕಾಗುವುದಿಲ್ಲ.

ಇದೇ ಬೆಲೆಗೆ ಪಕ್ಕದಲ್ಲಿ 88 ಡಿಬಿಯ ಇನ್ನೊಂದು ಬಾಕ್ಸ್ ಇತ್ತು, ನೋಡಲು ಚೆಂದ. ಅದನ್ನು ತಂದಿದ್ದರೆ ಇದೇ ಸದ್ದಿಗೆ ಎಂಟರಷ್ಟು, ಅಂದರೆ 400 ವ್ಯಾಟ್ ಕೊಡಬೇಕಿತ್ತು. ವ್ಯಾಟ್ ಎರಡರಷ್ಟು ಮಾಡಿದರೆ ಏರುವುದು ಕೇವಲ 3 ಡಿಬಿ, ಕಿವಿಗೆ ‘ಸ್ವಲ್ಪ ಜಾಸ್ತಿಯಾಯ್ತೇನೋ’ ಅನ್ನಿಸುವಷ್ಟು. ಸದ್ದು ದುಪ್ಪಟ್ಟಾಯಿತು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು.

ಹಾಗಿದ್ದರೂ ಮೊದಲ ವರ್ಷವೆಲ್ಲ ಹಿಂದಿನ ಸಾಲಿನವರದು ‘ಏನೂ ಕೇಳ್ತಿಲ್ಲ’ ಅನ್ನುವ ದೂರು. ವಾಲ್ಯೂಮ್ ಏರಿಸಿದರೆ ಮೈಕು ಕುಂಯ್ ಅನ್ನುತ್ತಿತ್ತು, ಮುಂದೆ ಕೂತ ಅಜ್ಜಂದಿರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಆಂಪ್ಲಿಫೈಯರ್ ತರೋಣ ಅನ್ನುವ ಮಾತೂ ಬಂತು. ಫೋನಿನ ಡಿಬಿ ಆಪ್ ಹಿಡಿದು ನೋಡಿದೆ: ಮುಂದಿನ ಸಾಲಲ್ಲಿ 94, ಹಿಂದೆ 78. ಬಾಕ್ಸ್‌ಗಳು ವೇದಿಕೆಯ ನೆಲದ ಮೇಲೆ ಕೂತು ಮುಂದಿನವರ ಮುಖಕ್ಕೇ ಹೊಡೆಯುತ್ತಿದ್ದವು. ಹಿಂದಿನವರಿಗೆ ತಲುಪುವಷ್ಟರಲ್ಲಿ ಅರ್ಧ ಸದ್ದನ್ನು ಮುಂದಿನ ಜನರ ಮೈ, ಬಟ್ಟೆ ನುಂಗಿರುತ್ತಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಬ್ರಾಕೆಟ್ ಮಾಡಿಸಿ, ಬಾಕ್ಸ್‌ಗಳನ್ನು ಎಂಟೂವರೆ ಅಡಿ ಎತ್ತರಕ್ಕೆ ಏರಿಸಿ, ಹಾಲಿನ ಮುಕ್ಕಾಲು ಭಾಗದ ಕಡೆಗೆ ಬಗ್ಗಿಸಿ ಕಟ್ಟಿದೆವು. ಮೈಕಿಗಿಂತ ಒಂದು ಗಜ ಮುಂದಕ್ಕೆ. ಆಮೇಲೆ ಮುಂದೆ 86, ಹಿಂದೆ 79. ಕುಂಯ್ ಅನ್ನುವುದೂ ಹೆಚ್ಚುಕಡಿಮೆ ನಿಂತಿತು. ಫೋನಿನ ಸಂಖ್ಯೆ ಅಷ್ಟು ನೆಚ್ಚುವಂಥದ್ದಲ್ಲ, ಆದರೆ ಎರಡು ಜಾಗದ ನಡುವಿನ ವ್ಯತ್ಯಾಸಕ್ಕೆ ಸಾಕು.

ಇನ್ನು ಕರೆಂಟು. ನಮ್ಮ ಕಾರ್ಯದರ್ಶಿಗಳದು ಸರಳ ಗಣಿತ: ಸಾವಿರ ವ್ಯಾಟ್ ಅಂದರೆ ಗಂಟೆಗೆ ಒಂದು ಯೂನಿಟ್. ಅದರ ಮೇಲೆ ಮದುವೆಯವರಿಂದ ಸೌಂಡ್ ಕರೆಂಟಿಗೆಂದೇ ದಿನಕ್ಕೆ 300 ರೂಪಾಯಿ ವಸೂಲಿ. ನಾನು ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ತಂದು ಹಾಕಿದೆ. ಸುಮ್ಮನೆ ಆನ್ ಆಗಿದ್ದರೆ 58 ವ್ಯಾಟ್. ಭಾಷಣಕ್ಕೆ 75ರಿಂದ 90. ಆರ್ಕೆಸ್ಟ್ರಾ ಜೋರಾಗಿ ನಡೆದಾಗ 190ರ ಆಸುಪಾಸು, ಒಮ್ಮೆ ಮಾತ್ರ 340 ಮುಟ್ಟಿದ್ದು ಕಂಡೆ. ಹಾಡಾಗಲಿ ಮಾತಾಗಲಿ ಒಂದೇ ಸಮ ಗರಿಷ್ಠದಲ್ಲಿ ಇರುವುದಿಲ್ಲ. ತಬಲದ ಏಟಿನ ತುದಿಗೆ ಆ ದೊಡ್ಡ ವ್ಯಾಟ್, ಮಧ್ಯದಲ್ಲೆಲ್ಲ ಅದರ ಸಣ್ಣ ಪಾಲು. ರಿಸೆಪ್ಷನ್ ಮತ್ತು ಮುಹೂರ್ತ ಸೇರಿ ಹತ್ತು ಗಂಟೆಯ ಒಂದು ಮದುವೆಗೆ ಮೀಟರ್ ತೋರಿಸಿದ್ದು 1.4 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ 14 ರೂಪಾಯಿ. ಅದೇ ಹತ್ತು ಗಂಟೆ ತಲೆ ಮೇಲೆ ತಿರುಗಿದ 14 ಫ್ಯಾನು, ತಲಾ 75 ವ್ಯಾಟ್, ಹತ್ತೂವರೆ ಯೂನಿಟ್ ತಿಂದಿದ್ದವು. ಕಾರ್ಯದರ್ಶಿಗಳು ಮೀಟರನ್ನು ಕಿತ್ತು ತಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೆ ಹಾಕಿ ಪರೀಕ್ಷಿಸಿದಮೇಲೆಯೇ ನಂಬಿದ್ದು.

ಕರೆಂಟು ನಿಜಕ್ಕೂ ಹಾಳಾದದ್ದು ಬೇರೆ ಕಡೆ. ಸ್ವಿಚ್ಚು ವೇದಿಕೆಯ ಪರದೆ ಹಿಂದೆ ಇದೆ. ಒಮ್ಮೆ ಯಾರೋ ಆಫ್ ಮಾಡದೆ ಹೋಗಿ, ಹನ್ನೊಂದು ದಿನ ಆಂಪ್ಲಿಫೈಯರ್ ಸುಮ್ಮನೆ ಬಿಸಿಯಾಗುತ್ತ ಕೂತಿತ್ತು. 15 ಯೂನಿಟ್, ಹತ್ತು ಮದುವೆಯ ಸದ್ದಿಗಿಂತ ಹೆಚ್ಚು! ಇದು ಹಳೇ ಕ್ಲಾಸ್ ಎಬಿ ಆಂಪ್ಲಿಫೈಯರಿನ ಗುಣ: ಸದ್ದಿಲ್ಲದಿದ್ದರೂ ಒಳಗೆ ಕರೆಂಟ್ ಹರಿಯುತ್ತಿರುತ್ತದೆ. ಈಗಿನ ಕ್ಲಾಸ್ ಡಿಯವು ಈ ವಿಷಯದಲ್ಲಿ ಎಷ್ಟೋ ವಾಸಿ, ತೂಕವೂ ಕಮ್ಮಿ. ಈಗ ಬಾಗಿಲ ಪಕ್ಕ ಒಂದು ಸ್ವಿಚ್ಚು, ಮೇಲೆ ಕೆಂಪು ಬಲ್ಬು ಹಾಕಿಸಿದ್ದೇವೆ.

ಎರಡನೇ ವರ್ಷದ ರಾಜ್ಯೋತ್ಸವದಂದು ಒಂದು ಬಾಕ್ಸಿನ ಹಾರ್ನ್, ಅಂದರೆ ಸ-ಶದಂಥ ಚೂಪು ಸದ್ದು ಕೊಡುವ ಭಾಗ, ಸುಟ್ಟಿತು. ಹುಡುಗರು ಬಾಸ್ ಪೂರ್ತಿ ತಿರುಗಿಸಿದ್ದರು, ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದೆ ಅನ್ನುವ ಕ್ಲಿಪ್ ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಆ ಸಂಜೆ ವೋಲ್ಟೇಜ್ ಬೇರೆ 185. ವೋಲ್ಟೇಜ್ ಅಷ್ಟು ಇಳಿದರೆ ನಮ್ಮಂಥ ಸೆಟ್ಟಿನ ಪವರ್ ಮೂರರಲ್ಲೊಂದು ಭಾಗ ಹೋಗುತ್ತದೆ. ಕಿವಿಗೆ ಅದು 2 ಡಿಬಿ, ಗೊತ್ತೇ ಆಗುವುದಿಲ್ಲ. ಆದರೆ ಆಂಪ್ಲಿಫೈಯರ್ ಬೇಗ ಏದುಸಿರು ಬಿಡುತ್ತದೆ, ಅಲೆಯ ತಲೆ ಚಪ್ಪಟೆಯಾಗಿ, ಹಾರ್ನಿಗೆ ಹೋಗಬಾರದಷ್ಟು ಶಕ್ತಿ ಹೋಗುತ್ತದೆ. ಮಾರನೇ ದಿನ ನಿರೂಪಕರು ‘ಸಭಿಕರೇ’ ಅಂದರೆ ಆ ಬಾಕ್ಸಿನಲ್ಲಿ ‘ಅಭಿಕರೇ’ ಅಂತ ಕೇಳುತ್ತಿತ್ತು. ಕಂಬಳಿ ಹೊದೆಸಿದ ಹಾಗೆ ಸದ್ದು, ಸ-ಶ ಮಾಯ: ಹಾರ್ನ್ ಹೋಗಿದೆ ಅನ್ನುವುದಕ್ಕೆ ಇಷ್ಟೇ ಸಾಕು. ಗ್ಯಾರಂಟಿಯಲ್ಲಿ ಬರುವುದಿಲ್ಲ ಅಂದರು, ಹಾರ್ನಿನೊಳಗೆ ಅದುರುವ ತೆಳು ಹಾಳೆ, ಡಯಾಫ್ರಂ, 900 ರೂಪಾಯಿ ಕೊಟ್ಟು ನಾವೇ ಬದಲಿಸಿದೆವು. ಈಗ ಕ್ಲಿಪ್ ದೀಪದ ಪಕ್ಕ ‘ಇದು ಹತ್ತಿದರೆ ಇಳಿಸಿ’ ಅಂತ ಬರೆದು ಅಂಟಿಸಿದ್ದೇವೆ. ಹುಡುಗರು ಓದುತ್ತಾರೋ ಇಲ್ಲವೋ.

ಬಾಕ್ಸ್‌ಗಳಿಗೆ ಐದಕ್ಕೆ ನಾಲ್ಕು, ಆಂಪ್ಲಿಫೈಯರಿಗೆ ಮೂರು. ಅದರ ಫ್ಯಾನ್ ಸದ್ದು ಧ್ಯಾನ ಶಿಬಿರದವರಿಗೆ ಇವತ್ತಿಗೂ ಕಿರಿಕಿರಿ. ಸೌಂಡ್ ಕರೆಂಟಿನ 300 ರೂಪಾಯಿ ಹೋದ ಯುಗಾದಿಯಿಂದ 50 ಆಗಿದೆ.