‘ಹೌಎವರ್’ ಬದಲು ಯಾವುದು?

ಮಂಡ್ಯದ ಕಬ್ಬಿಗೆ ಹನಿ ನೀರಾವರಿ ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿರುವ ಗೆಳತಿ ಕೇಳಿದರು: ‘ಹೌಎವರ್’ ಬದಲು ‘ನೆವರ್‌ದಲೆಸ್’ ಹಾಕಲೇ, ‘ಬೈ ಕಾಂಟ್ರಾಸ್ಟ್’ ಹಾಕಲೇ?

ಅರ್ಥದಲ್ಲಿ ಇವೆರಡೂ ಒಂದಲ್ಲ. ಹನಿ ನೀರಿನ ಗದ್ದೆಯನ್ನೂ ಕಾಲುವೆ ನೀರಿನ ಗದ್ದೆಯನ್ನೂ ಎದುರುಬದುರು ನಿಲ್ಲಿಸುವಾಗ ‘ಬೈ ಕಾಂಟ್ರಾಸ್ಟ್’ ಸರಿ. ನೀರು ಉಳಿಯುತ್ತದೆ, ಆದರೂ ರೈತರು ಪೈಪು ಹಾಕಿಸಲು ಹಿಂಜರಿಯುತ್ತಾರೆ ಎನ್ನುವಾಗ ‘ನೆವರ್‌ದಲೆಸ್’. ಇಲ್ಲಿ ನಿರೀಕ್ಷೆ ಸುಳ್ಳಾಗಿದೆ. ಅದಲುಬದಲಾದರೆ ವ್ಯಾಕರಣ ನೆಟ್ಟಗಿದ್ದೂ ತರ್ಕ ಕುಂಟುತ್ತದೆ.

ಬರಹದ ಓಟಕ್ಕೆ ಎರಡೂ ಭಾರವೇ. ಪುಟ್ಟ ‘ಬಟ್’ ಅಲ್ಪವಿರಾಮದೊಡನೆ ಎರಡು ವಾಕ್ಯಗಳನ್ನು ಬೆಸೆಯುತ್ತದೆ. ‘ಹೌಎವರ್’ಗೆ ಅದಾಗದು, ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ವಾಕ್ಯದ ಮೊದಲಿಗೆ ‘ಬಟ್’ ಬಂದರೆ ಮುಖ ಗಂಟಿಕ್ಕುವ ಮಾರ್ಗದರ್ಶಕರಿದ್ದಾರೆ. ಅವರಿಗಾಗಿ ‘ಆಲ್ದೋ’ ಬಳಸಿ ಎರಡನ್ನೂ ಒಂದೇ ವಾಕ್ಯ ಮಾಡಬಹುದು.

‘ಮೋರೋವರ್’ ಅದೇ ವಾದಕ್ಕೆ ಬಲ ತುಂಬುವಾಗ ಮಾತ್ರ ಒಪ್ಪುತ್ತದೆ. ಬರಿಯ ಇನ್ನೊಂದು ಅಂಶಕ್ಕೆ ‘ಇನ್ ಅಡಿಷನ್’ ಸಾಕು. ಗೆಳತಿಯ ಒಂದೇ ಪುಟದಲ್ಲಿ ನಾಲ್ಕು ‘ಮೋರೋವರ್’ ಇದ್ದವು. ಮೂರನ್ನು ಅಳಿಸಿ, ಹಿಂದಿನ ವಾಕ್ಯದ ಕೊನೆಯ ವಿಷಯವನ್ನೇ ಮುಂದಿನದರ ಆರಂಭಕ್ಕೆ ತಂದೆವು: ‘ದಿಸ್ ಸೇವಿಂಗ್ ಇನ್ ವಾಟರ್...’ ಅಲ್ಲಿ ಕೊಂಡಿಪದವೇ ಬೇಕಾಗಲಿಲ್ಲ.