ಎರಡು ವರ್ಷ ಬಳಸಿದ XL6009 ಬೂಸ್ಟ್ ಬೋರ್ಡ್: ಒಂದು ತಣ್ಣಗಿದೆ, ಇನ್ನೊಂದು ಕೈ ಸುಟ್ಟಿತು

ಬೆಟಗೇರಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿ ಎರಡು ಕೈಮಗ್ಗ ಇವೆ. ಕರೆಂಟ್ ಹೋದರೆ ಮಗ್ಗ ನಿಲ್ಲಲ್ಲ, ಆದರೆ ಎಳೆ ಕಾಣಲ್ಲ. ಅದಕ್ಕೆ ಮಗ್ಗಕ್ಕೊಂದರಂತೆ 24 ವೋಲ್ಟಿನ ಎರಡು ಎಲ್‌ಇಡಿ ಪಟ್ಟಿ ಹಾಕಿದ್ದೆ. ಬ್ಯಾಟರಿ ಇದ್ದದ್ದು 12 ವೋಲ್ಟಿಂದು. ನಡುವೆ ಒಂದು ಬೂಸ್ಟ್ ಬೋರ್ಡ್ ಬೇಕಾಯ್ತು, ಆನ್‌ಲೈನಲ್ಲಿ XL6009 ಅಂತ ತರಿಸಿದೆ. ಎರಡು ವರ್ಷ ಆಯ್ತು, ಇವತ್ತಿಗೂ ತೊಂದರೆ ಕೊಟ್ಟಿಲ್ಲ. ಅದನ್ನು ನೋಡಿ ಪಕ್ಕದ ಮನೆಯವರೂ ಕೇಳಿದರು, ಆರು ತಿಂಗಳ ಮೇಲೆ ಬೇರೆ ಮಾರಾಟಗಾರನಿಂದ ಇನ್ನೊಂದು ತರಿಸಿದೆ. ಈ ವಿಮರ್ಶೆ ಬರೆಯೋಕೆ ಕಾರಣ ಆ ಎರಡನೇದು.

ಮೊದಲು ಹೊಸಬರಿಗೆ ಒಂದು ಮಾತು. ಬೋರ್ಡ್ ಬಂದ ಕೂಡಲೇ ನೀಲಿ ಪಾಟ್ ತಿರುಗಿಸಿದರೆ ಔಟ್‌ಪುಟ್ 12ರ ಆಸುಪಾಸಲ್ಲೇ ನಿಂತಿರಬಹುದು. ನಾನೂ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಹೊರಟಿದ್ದೆ. ಅದು ಹಲವು ಸುತ್ತಿನ ಪಾಟ್, ಇನ್ನೂ ತಿರುಗಿಸಬೇಕು ಅಷ್ಟೆ. ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಕಾಯಿಲ್ ಮತ್ತು ಡಯೋಡ್ ಮೂಲಕ ಯಾವಾಗಲೂ ನೇರ ದಾರಿ ಇದೆ, ಹಾಗಾಗಿ ಬ್ಯಾಟರಿಗಿಂತ ಕೆಳಗೆ ಇಳಿಯೋದೇ ಇಲ್ಲ (ಡಯೋಡ್ ತಿನ್ನೋ ಅರ್ಧ ವೋಲ್ಟ್ ಬಿಟ್ಟರೆ). ಔಟ್‌ಪುಟ್ ಶಾರ್ಟ್ ಆದರೆ ತಡೆಯೋರು ಯಾರೂ ಇಲ್ಲ ಅನ್ನೋದೂ ಇದೇ ಕಾರಣಕ್ಕೆ. ಬ್ಯಾಟರಿ ತಂತಿಗೆ ಫ್ಯೂಸ್ ಹಾಕಿ.

ಸರಿ, 12 ಕೊಟ್ಟರೆ 24 ಎಲ್ಲಿಂದ ಬರುತ್ತೆ? ಕಾಕಾ ಕೇಳಿದ್ದೂ ಇದೇ. ಒಳಗೆ ಒಂದು ಸ್ವಿಚ್ ಸೆಕೆಂಡಿಗೆ 4 ಲಕ್ಷ ಸಲ ಆನ್ ಆಫ್ ಆಗುತ್ತೆ. ಆನ್ ಇದ್ದಾಗ ಕಾಯಿಲ್‌ನ ಆ ಕಡೆ ತುದಿ ನೆಲಕ್ಕೆ, ಅಂದರೆ ಗ್ರೌಂಡಿಗೆ ಸೇರುತ್ತೆ. ಬ್ಯಾಟರಿಯ 12 ವೋಲ್ಟ್ ಪೂರ್ತಿ ಕಾಯಿಲ್ ಮೇಲೆ ಬಿದ್ದು ಅದರ ಕರೆಂಟ್ ಮೆಲ್ಲಗೆ ಏರುತ್ತೆ. ಹೇರು ತುಂಬಿದ ಚಕ್ಕಡಿ ಇದ್ದಂಗೆ, ಒಮ್ಮೆಲೇ ಓಡಲ್ಲ, ಓಡಿದ ಮೇಲೆ ಒಮ್ಮೆಲೇ ನಿಲ್ಲೋದೂ ಇಲ್ಲ. ಸ್ವಿಚ್ ಆಫ್ ಆದಾಗ ಆ ಕರೆಂಟಿಗೆ ಡಯೋಡ್ ಬಿಟ್ಟು ಬೇರೆ ದಾರಿ ಇಲ್ಲ. ಕಾಯಿಲ್ ತನ್ನ ವೋಲ್ಟೇಜನ್ನು ತಿರುವಿ ಹಾಕಿ ಬ್ಯಾಟರಿಯ ಮೇಲೆ ಸೇರಿಸಿ ತಳ್ಳುತ್ತೆ. ಬ್ಯಾಟರಿಯ 12, ಕಾಯಿಲ್‌ದು 12, ಒಟ್ಟು 24.

ಕಾಯಿಲ್‌ದು 12 ಯಾಕೆ, 5 ಯಾಕಲ್ಲ? ಆನ್‌ನಲ್ಲಿ ಏರಿದಷ್ಟೇ ಕರೆಂಟ್ ಆಫ್‌ನಲ್ಲಿ ಇಳಿಯಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಏರ್ತಾನೇ ಹೋಗುತ್ತೆ. ಒಂದು ಸುತ್ತು 2.5 ಮೈಕ್ರೋಸೆಕೆಂಡ್. ಅರ್ಧ ಹೊತ್ತು ಆನ್ ಇಟ್ಟರೆ 12 ವೋಲ್ಟಲ್ಲಿ ಏರಿದ್ದು ಉಳಿದ ಅರ್ಧದಲ್ಲಿ ಇಳಿಯೋಕೆ 12 ವೋಲ್ಟೇ ಬೇಕು. ಮುಕ್ಕಾಲು ಹೊತ್ತು ಆನ್ ಇಟ್ಟರೆ ಇಳಿಯೋಕೆ ಕಾಲು ಹೊತ್ತು ಮಾತ್ರ, ಆಗ ಲೆಕ್ಕದಲ್ಲಿ 36 ವೋಲ್ಟ್ ಸೇರಿ 48 ಆಗುತ್ತೆ (ಈ ಬೋರ್ಡಲ್ಲಿ ಅಷ್ಟಕ್ಕೆ ಹೋಗಬೇಡಿ, 35 ವೋಲ್ಟಿನ ಕೆಪಾಸಿಟರ್ ಕೂತಿದೆ). ಪುಕ್ಕಟೆ ಏನೂ ಬರಲ್ಲ. ಎರಡು ಪಟ್ಟಿಗೆ 24 ವೋಲ್ಟಲ್ಲಿ 1 ಆಂಪಿಯರ್ ಬೇಕು, ಬ್ಯಾಟರಿಯಿಂದ ನಾನು ಅಳೆದದ್ದು 2.25 ಆಂಪಿಯರ್. 24 ವ್ಯಾಟ್ ತಗೊಳ್ಳೋಕೆ 27 ವ್ಯಾಟ್ ಕೊಟ್ಟೆ.

ಆ 2.25 ಆಂಪಿಯರೇ ಕಾಯಿಲ್‌ನ ಸರಾಸರಿ ಕರೆಂಟ್. ಬೂಸ್ಟ್‌ನಲ್ಲಿ ಕಾಯಿಲ್ ಬ್ಯಾಟರಿ ಕಡೆ ಕೂತಿರುತ್ತಲ್ಲ, ಅದರಲ್ಲಿ ಹರಿಯೋದು ಇನ್‌ಪುಟ್ ಕರೆಂಟೇ. ಜಾಹೀರಾತಲ್ಲಿ ದೊಡ್ಡದಾಗಿ ಹಾಕೋ 4 ಆಂಪಿಯರ್ ಕೂಡ ಒಳಗಿನ ಸ್ವಿಚ್‌ದು, ಔಟ್‌ಪುಟ್‌ದಲ್ಲ. ಇದಕ್ಕೇ ಒಂದು ಸ್ಟಾರ್ ಕಡಿಮೆ. ಸರಾಸರಿಯ ಮೇಲೆ ಕೆಳಗೆ ಕರೆಂಟ್ ಎಷ್ಟು ಓಲಾಡುತ್ತೆ ಅನ್ನೋದು ಹೀಗೆ. D ಅಂದರೆ ಒಂದು ಸುತ್ತಲ್ಲಿ ಸ್ವಿಚ್ ಆನ್ ಇರೋ ಪಾಲು, L ಕಾಯಿಲ್‌ನ ಇಂಡಕ್ಟೆನ್ಸ್, f ಸೆಕೆಂಡಿಗೆ ಎಷ್ಟು ಸುತ್ತು ಅನ್ನೋದು:

```
ΔI = Vin × D / (L × f)
   = 12 × 0.5 / (33 µH × 400 kHz) ≈ 0.45 A
```

ಅಂದರೆ 2.0ರಿಂದ 2.5ರ ಒಳಗೆ ಏರಿಳಿತ. ಸೊನ್ನೆ ಮುಟ್ಟೋದೇ ಇಲ್ಲ. ಕಂಟಿನ್ಯುಯಸ್ ಕಂಡಕ್ಷನ್ ಅಂತಾರಲ್ಲ, ಅದು ಇದೇ. ಮೊದಲ ಬೋರ್ಡ್ ಹೀಗೆ ನಡೀತಿದೆ. ಕಾಯಿಲ್ ಮೇಲೆ ಬೆರಳಿಟ್ಟರೆ ಉಗುರು ಬೆಚ್ಚಗೆ, ಅಷ್ಟೆ.

ಈಗ ಎರಡನೇದು. ನೋಡೋಕೆ ಅದೇ, ಕಾಯಿಲ್ ಮೇಲೂ ಅದೇ 330 ಅಂತ ಅಚ್ಚು (ಅಂದರೆ 33 ಮೈಕ್ರೋಹೆನ್ರಿ). ಗದಗಿನ ನಮ್ಮ ಮನೆಯಲ್ಲಿ ಒಂದೇ ಪಟ್ಟಿ ಹಚ್ಚಿ ಒಂದು ತಾಸು ಓಡಿಸಿ ನೋಡಿದ್ದೆ, ಚೆನ್ನಾಗಿತ್ತು. ಕಾಕಾನ ಪಕ್ಕದ ಮನೆಯಲ್ಲಿ ಎರಡೂ ಪಟ್ಟಿ ಜೋಡಿಸಿ ಬಂದ ಮರುದಿನ ಕಾಕಾನ ಫೋನ್: "ಏನೋ ಸುಟ್ಟ ವಾಸನಿ ಬರಾಕತ್ತೈತಿ, ಲೈಟೂ ಮಂಕಾಗ್ಯಾವು." ಹೋಗಿ ನೋಡಿದರೆ ಕಾಯಿಲ್ ಮುಟ್ಟೋಕೆ ಆಗ್ತಿರಲಿಲ್ಲ. ಔಟ್‌ಪುಟ್ 24ರಿಂದ 21ಕ್ಕೆ ಇಳಿದಿತ್ತು. ಪಟ್ಟಿಗಳು ತಗೊಳ್ತಿದ್ದದ್ದು 0.6 ಆಂಪಿಯರ್, ಬ್ಯಾಟರಿ ಕೊಡ್ತಿದ್ದದ್ದು 1.7. ಲೆಕ್ಕ ಹಾಕಿ, 20 ವ್ಯಾಟ್ ಒಳಗೆ, 12 ಮತ್ತು ಚಿಲ್ಲರೆ ಹೊರಗೆ. ಉಳಿದ 8 ವ್ಯಾಟ್ ಆ ಚಿಕ್ಕ ಬೋರ್ಡಲ್ಲೇ ಬೇಯ್ತಿತ್ತು.

ಮಲ್ಟಿಮೀಟರನ್ನು ಹರ್ಟ್ಜ್‌ಗೆ ಇಟ್ಟು ಚಿಪ್‌ನ ಲೋಹದ ಬೆನ್ನು ಮುಟ್ಟಿಸಿದೆ. XL6009ರಲ್ಲಿ ಬೆನ್ನೂ ಸ್ವಿಚ್ ಪಿನ್ನೂ ಒಂದೇ. ಮೊದಲ ಬೋರ್ಡಲ್ಲಿ 400 ಕಿಲೋಹರ್ಟ್ಜ್ ಹತ್ತಿರ ತೋರಿಸಿದ್ದು ಇದರಲ್ಲಿ 50ರ ಹತ್ತಿರ! ಮೇಲೆ ಹೆಸರು ಅದೇ ಅಚ್ಚು ಹಾಕಿದ್ದಾರೆ, ಒಳಗಿನ ಚಿಪ್ ಬೇರೆ.

ಸೂತ್ರದಲ್ಲಿ 400ರ ಬದಲು 50 ಹಾಕಿ ನೋಡಿ. ಓಲಾಟ 0.45 ಅಲ್ಲ, 3.6 ಆಂಪಿಯರ್. ಸರಾಸರಿ 2.25 ಇದ್ದರೆ ತುದಿ 4ರ ಮೇಲೆ, ತಳ 0.4. ಹೆಸರಿಗೆ ಇನ್ನೂ ಕಂಟಿನ್ಯುಯಸ್ಸೇ, ಆದರೆ ಈ ಕಾಯಿಲ್‌ನ ತಿರುಳು ಸುಮಾರು 3 ಆಂಪಿಯರಿಗೇ ತುಂಬಿಬಿಡುತ್ತೆ. ತುಂಬಿದ ಮೇಲೆ ಅದು ಬರೀ ತಂತಿ. ಕರೆಂಟ್ ಸರ್ರನೆ ಮೇಲೆ ಹೋಗುತ್ತೆ, ಚಿಪ್ ತನ್ನ ಮಿತಿ ಮುಟ್ಟಿ ಸ್ವಿಚ್ಚನ್ನು ಬೇಗ ಕಡಿಯುತ್ತೆ, ಔಟ್‌ಪುಟ್ ಕುಸಿಯುತ್ತೆ. ಮಂಕು, ಬಿಸಿ, ವಾಸನೆ ಮೂರಕ್ಕೂ ಕಾರಣ ಇದೇ.

ಮನೆಯಲ್ಲಿ ಸರಿ ಇದ್ದದ್ದು ಯಾಕೆ ಅಂದರೆ, ಒಂದೇ ಪಟ್ಟಿಗೆ ಸರಾಸರಿ 1.1 ಆಂಪಿಯರ್ ಸಾಕು. ಆಗ ಕರೆಂಟ್ ಪ್ರತಿ ಸುತ್ತಲ್ಲೂ ಸೊನ್ನೆಗೆ ಇಳಿದು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೆ. ಕಂಟಿನ್ಯುಯಸ್ ಅಲ್ಲ. ಆಗ ಅರ್ಧ ಹೊತ್ತಿನ ಲೆಕ್ಕವೂ ನಡೆಯಲ್ಲ, ಅದೇ 24 ಇರಲಿ ಅಂತ ಚಿಪ್ ತಾನೇ ಆನ್ ಹೊತ್ತನ್ನು ಕಡಿಮೆ ಮಾಡಿಕೊಳ್ಳುತ್ತೆ. ತುದಿ 2.8ರ ಹತ್ತಿರ ನಿಲ್ಲುತ್ತೆ, ತಿರುಳು ತುಂಬಲ್ಲ. ಅರ್ಧ ಹೊರೆ ಹಾಕಿ ಪರೀಕ್ಷೆ ಮಾಡಿದ್ದು ನನ್ನದೇ ತಪ್ಪು.

ಮಾರಾಟಗಾರ ಹದಿನೈದು ದಿನ ದಾಟಿದೆ ಅಂತ ವಾಪಸ್ ತಗೊಳ್ಳಲಿಲ್ಲ. ಹುಬ್ಬಳ್ಳಿಗೆ ಹೋದಾಗ 220 ಮೈಕ್ರೋಹೆನ್ರಿಯ, 5 ಆಂಪಿಯರ್ ತಡೆಯೋ ಉಂಗುರದ ಕಾಯಿಲ್ ತಂದು ಹಳೇದನ್ನು ಕಿತ್ತು ಬೆಸುಗೆ ಹಾಕಿದೆ. ಈಗ ಓಲಾಟ 0.55, ತುದಿ 2.5ರ ಆಸುಪಾಸು. 24 ವೋಲ್ಟ್ ಅಲುಗಾಡದೆ ನಿಂತಿದೆ, ವಾಸನೆ ಇಲ್ಲ. ನೋಡೋಕೆ ಮಾತ್ರ ಅಸಹ್ಯ, ಬೋರ್ಡಿಗಿಂತ ಕಾಯಿಲ್ ದೊಡ್ಡದು.

ಮೊದಲನೇದಕ್ಕೆ ನಾಲ್ಕು ಸ್ಟಾರ್, ಎರಡನೇದಕ್ಕೆ ಒಂದು. ತರಿಸಿದ ದಿನವೇ ಪೂರ್ತಿ ಹೊರೆ ಹಾಕಿ, ಹರ್ಟ್ಜ್ ಅಳೆಯಿರಿ, 400ರ ಹತ್ತಿರ ಇಲ್ಲದಿದ್ದರೆ ಅವತ್ತೇ ವಾಪಸ್ ಕಳಿಸಿ. ನಾನು ರಿಪೇರಿ ಮಾಡಿದ್ದು ಇನ್ನೂ ಪಕ್ಕದ ಮನೆಯ ಮಗ್ಗದ ಕಂಬದಲ್ಲಿದೆ. ಕಾಯಿಲ್ ಜೋತು ಬೀಳದಿರಲಿ ಅಂತ ಕಾಕಾ ಅದನ್ನು ಕೆಂಪು ನೂಲಿಂದ ಕಟ್ಟಿದ್ದಾನೆ.