ಆರು ಬೇಸಿಗೆಯ ಕೂಲರ್, ಪಕ್ಕದಲ್ಲೊಂದು ಹರವಿ: ಕಲಬುರಗಿಯಿಂದ ವಿಮರ್ಶೆ

ಈ 60 ಲೀಟರಿನ ಕೂಲರ್ ಮನೆಗೆ ಬಂದು ಆರು ಬೇಸಿಗೆ ಆಯಿತು. ಮೇ ತಿಂಗಳಿಗೆ ಐದಕ್ಕೆ ಐದು ಅಂಕ ಕೊಡುತ್ತೇನೆ, ಜುಲೈಗೆ ಒಂದೇ.

ಮೊದಲ ವರ್ಷ ಮಳೆ ಶುರುವಾದ ವಾರ ಕೂಲರ್ ಗಾಳಿ ತಂಪಾಗಲೇ ಇಲ್ಲ. ಪಂಪ್ ಕೆಟ್ಟಿದೆ ಅಂದುಕೊಂಡು ಹೊಸದು ಹಾಕಿಸಿದೆ. ಆದರೂ ಅದೇ ಕಥೆ. ಆಗ ಅವ್ವ ಹೇಳಿದಳು, "ಹರವ್ಯಾಗಿನ ನೀರೂ ತಣ್ಣಗಾಗವಲ್ದು. ಅದಕ್ಕ ಯಾವ ಪಂಪ್ ಅದ?"

ಅವ್ವನ ಮಾತಿನಲ್ಲೇ ಉತ್ತರ ಇತ್ತು. ಎರಡೂ ಮಾಡುವ ಕೆಲಸ ಒಂದೇ. ನೀರು ಆವಿಯಾಗಲು ಶಾಖ ಬೇಕು, ಒಂದು ಗ್ರಾಂಗೆ ಸುಮಾರು 580 ಕ್ಯಾಲರಿ. ಹರವಿಯಲ್ಲಿ ಹೊರಮೈಗೆ ಜಿನುಗಿದ ನೀರು ಆ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಕೂಲರಿನಲ್ಲಿ ಪ್ಯಾಡಿನ ನೀರು ಅದನ್ನು ಹಾದುಹೋಗುವ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಲೆಕ್ಕದ ಪ್ರಕಾರ 10 ಲೀಟರ್ ನೀರು 10 ಡಿಗ್ರಿ ಇಳಿಯಲು ಒಂದು ಲೋಟದಷ್ಟು ನೀರು ಆರಿದರೆ ಸಾಕು. ಸುತ್ತಲಿನ ಬಿಸಿ ಹರವಿಯೊಳಗೆ ಬರುತ್ತಲೇ ಇರುವುದರಿಂದ ನಿಜಕ್ಕೂ ಇನ್ನಷ್ಟು ಬೇಕಾಗುತ್ತದೆ. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆರುವುದಾದರೂ ಹೇಗೆ?

ಇದನ್ನು ಅಳೆಯುವುದು ಸುಲಭ. ಎರಡು ಥರ್ಮಾಮೀಟರ್ ತಂದೆ. ಒಂದರ ಬಲ್ಬಿಗೆ ಒದ್ದೆ ಮಲ್ಮಲ್ ಬಟ್ಟೆ ಸುತ್ತಿ, ನೆರಳಿನಲ್ಲಿ ಫ್ಯಾನ್ ಗಾಳಿಗೆ ಹಿಡಿದೆ. ಆ ಒದ್ದೆ ಥರ್ಮಾಮೀಟರ್ ಎಲ್ಲಿಗೆ ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಕೂಲರ್ ಗಾಳಿಯೂ ಇಳಿಯುವುದಿಲ್ಲ, ಹರವಿಯ ನೀರೂ ಇಳಿಯುವುದಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಒಣಗಿದ್ದು 42 ಡಿಗ್ರಿ, ಒದ್ದೆಯದು 24. ಅಂತರ 18. ಒಳ್ಳೆಯ ಪ್ಯಾಡ್ ಇದರ ಶೇಕಡಾ 80ರಷ್ಟು ಇಳಿಸುತ್ತದೆ. ಕೂಲರ್ ಬಾಯಲ್ಲಿ 28 ಬಂತು. ಜುಲೈಯಲ್ಲಿ ಒಣಗಿದ್ದು 32, ಒದ್ದೆಯದು 28. ಅಂತರ ಬರೀ 4, ಕೂಲರ್ ಬಾಯಲ್ಲಿ 29.

ನೋಡಿ, 28 ಮತ್ತು 29ಕ್ಕೆ ಏನು ಮಹಾ ವ್ಯತ್ಯಾಸ ಅಲ್ವಾ? ಆದರೂ ಜುಲೈಯಲ್ಲಿ ಮೈ ಜಿಗಿಜಿಗಿ ಅನ್ನುತ್ತದೆ. ನಮ್ಮ ಬೆವರೂ ಹರವಿಯ ಹಾಗೆಯೇ ಆರಿ ತಂಪು ಕೊಡಬೇಕು. ಮೇ ತಿಂಗಳ ಕೂಲರ್ ಗಾಳಿಯಲ್ಲಿ ಇನ್ನೂ ಸ್ವಲ್ಪ ತೇವ ಹಿಡಿಯುವ ಜಾಗ ಇರುತ್ತದೆ, ಜುಲೈಯದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ದಿನಗಳಲ್ಲಿ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸುವುದೇ ವಾಸಿ. ಮೇ ತಿಂಗಳಲ್ಲೂ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆಯೊಳಗೇ ಜುಲೈ ಬಂದುಬಿಡುತ್ತದೆ. ಹಿಂಭಾಗ ಹೊರಗಿನ ಒಣಗಾಳಿಗೆ ಇರಲಿ, ಎದುರಿನ ಕಿಟಕಿ ತೆರೆದಿರಲಿ.

ಮೂರನೇ ಬೇಸಿಗೆಯಲ್ಲಿ ಮಾತ್ರ ನಿಜವಾದ ತೊಂದರೆ ಬಂತು. ಅಂತರ 18 ಇದ್ದರೂ ಗಾಳಿ ಇಳಿದದ್ದು 9 ಡಿಗ್ರಿ. ಬೋರ್ ನೀರಿನ ಉಪ್ಪು ಹುಲ್ಲಿನ ಪ್ಯಾಡಿನ ಮೇಲೆ ಬಿಳಿಯಾಗಿ ಕಟ್ಟಿಕೊಂಡು, ಅರ್ಧ ಪ್ಯಾಡ್ ನೆನೆಯುತ್ತಲೇ ಇರಲಿಲ್ಲ. ಪ್ಯಾಡ್ ಬದಲಿಸಿದ ದಿನವೇ 14 ಡಿಗ್ರಿ ಇಳಿಯಿತು. ಹರವಿಯ ಮೈಗೂ ಅದೇ ಉಪ್ಪು ಕಟ್ಟುತ್ತದೆ. ಅದಕ್ಕೇ ಅವ್ವ ಪ್ರತಿ ವರ್ಷ ಹೊಸ ಹರವಿ ತರುತ್ತಾಳೆ, ಬಣ್ಣ ಬಳಿದದ್ದನ್ನು ಮುಟ್ಟುವುದೂ ಇಲ್ಲ.